ತುತ್ತೂರಿ ಊದದೆ ಲಿಂಕ್ಡ್‌ಇನ್‌ನಲ್ಲಿ ಪ್ರೊಫೈಲ್ ನೋಡುಗರು ಹೆಚ್ಚುವುದು ಹೇಗೆ? ಸಂಕೋಚದವರಿಗೆ ಒಗ್ಗುವ ಕಮೆಂಟ್-ಪೋಸ್ಟ್ ದಿನಚರಿ ಬೇಕಾಗಿದೆ

ತೆರೆಮರೆ

ನಾನು ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸದಲ್ಲಿದ್ದೇನೆ. ಮುಂದೆ ಕೆಲಸ ಬದಲಿಸುವ ಆಲೋಚನೆ ಇರುವುದರಿಂದ, ನನ್ನ ಲಿಂಕ್ಡ್‌ಇನ್ ಪ್ರೊಫೈಲ್ ಇದೇ ಕ್ಷೇತ್ರದ ಜನರ ಕಣ್ಣಿಗೆ ಬೀಳಬೇಕೆಂಬ ಆಸೆ ಇದೆ. ಆದರೆ ಸದ್ಯಕ್ಕೆ ಅದನ್ನು ನೋಡುವವರು ಬೆರಳೆಣಿಕೆಯಷ್ಟು ಜನ, ಅವರಲ್ಲಿ ಹೆಚ್ಚಿನವರು ಹಳೆಯ ಸಹೋದ್ಯೋಗಿಗಳು.

ತೊಂದರೆ ಏನೆಂದರೆ, ನನ್ನ ಸ್ವಭಾವದಲ್ಲಿ ಸಂಕೋಚ ಹೆಚ್ಚು. 'ಈ ವಿಷಯ ಹಂಚಿಕೊಳ್ಳಲು ಹೆಮ್ಮೆಯಾಗುತ್ತಿದೆ' ಎಂದು ಆರಂಭವಾಗುವ ಪೋಸ್ಟ್ ಬರೆಯಲು ಕೈಯೇ ಏಳುವುದಿಲ್ಲ. ಒಂದೆರಡು ಬಾರಿ ಬರೆದು, ಪ್ರಕಟಿಸುವ ಮೊದಲೇ ಅಳಿಸಿದ್ದೇನೆ. ಬೇರೆಯವರ ಪೋಸ್ಟ್ ಕೆಳಗೆ 'ಉಪಯುಕ್ತ ಮಾಹಿತಿ, ಧನ್ಯವಾದ' ಎಂದು ಬರೆದು ಬಂದರೆ ಯಾರೂ ತಿರುಗಿ ನೋಡುವುದಿಲ್ಲ. ನನ್ನನ್ನು ನಾನೇ ಹೊಗಳಿಕೊಂಡಂತೆ ಕಾಣದ, ವಾರವಿಡೀ ಪರದೆಯ ಮುಂದೆ ಕೂರಿಸದ ಕ್ರಮವೊಂದನ್ನು ಯಾರಾದರೂ ನಿಜವಾಗಿ ಪಾಲಿಸುತ್ತಿದ್ದರೆ, ಅದನ್ನು ವಿವರವಾಗಿ ತಿಳಿಸುವಿರಾ?

ದಿನಕ್ಕೊಂದು

ನೇರವಾಗಿ ಹೇಳುತ್ತೇನೆ, ಬೇಸರಿಸಬೇಡಿ. ದಿನಕ್ಕೊಂದು ಪೋಸ್ಟ್ ಹಾಕದೆ ಏನೂ ಆಗುವುದಿಲ್ಲ. ಒಂದು ತಿಂಗಳು ಕಣ್ಣುಮುಚ್ಚಿ ಬರೆಯಿರಿ, ಸಂಕೋಚ ತಾನಾಗಿಯೇ ಬಿಟ್ಟುಹೋಗುತ್ತದೆ. ಪೋಸ್ಟ್ ಹಾಕಿದ ಮೊದಲ ಒಂದು ಗಂಟೆಯಲ್ಲಿ ಬರುವ ಕಮೆಂಟ್‌ಗಳೇ ಅದರ ಹಣೆಬರಹವನ್ನು ನಿರ್ಧರಿಸುತ್ತವೆ. ಆದ್ದರಿಂದ ನಾಲ್ಕು ಗೆಳೆಯರಿಗೆ ಮೊದಲೇ ಹೇಳಿಟ್ಟು ಕಮೆಂಟ್ ಮಾಡಿಸಿಕೊಳ್ಳುವುದು ಒಳ್ಳೆಯದು.

ನಿಷ್ಠುರ

ಈಜು ಬಾರದವರಿಗೆ ನಡುನೀರಿಗೆ ಹಾರಿ ಎಂದು ಸಲಹೆ ಕೊಟ್ಟಂತಾಯಿತು. ಕೇಳಿದವರು ಬೇಡವೆಂದದ್ದನ್ನೇ ಮದ್ದು ಎಂದು ಕೊಡುತ್ತಿದ್ದೀರಿ. ಅಲ್ಲದೆ ಗೆಳೆಯರಿಗೆ ಹೇಳಿ ಕಮೆಂಟ್ ಮಾಡಿಸಿಕೊಳ್ಳುವುದು ಅವರು ತಪ್ಪಿಸಿಕೊಳ್ಳಲು ಬಯಸುತ್ತಿರುವ ಸ್ವಪ್ರಚಾರದ ಇನ್ನೊಂದು ರೂಪವಷ್ಟೇ.

ಅಲ್ಪವಿರಾಮ

ತೆರೆಮರೆ ಅವರೇ, ನನ್ನ ಸ್ವಭಾವವೂ ನಿಮ್ಮದರಂತೆಯೇ ಇದೆ, ಮತ್ತು ಈ ಕೆಲಸವನ್ನು ಕಮೆಂಟ್‌ಗಳ ಮೂಲಕವೇ ಮಾಡಿಕೊಂಡು ಬಂದಿದ್ದೇನೆ. ನನ್ನ ಅನುಭವದಲ್ಲಿ ಆರಂಭಿಸಬೇಕಾದದ್ದು ಪೋಸ್ಟ್‌ನಿಂದಲೂ ಅಲ್ಲ, ಕಮೆಂಟ್‌ನಿಂದಲೂ ಅಲ್ಲ, ಹೆಡ್‌ಲೈನ್‌ನಿಂದ.

ಕಾರಣ ಸರಳವಾಗಿದೆ. ನೀವು ಯಾರದೋ ಪೋಸ್ಟ್ ಕೆಳಗೆ ಕಮೆಂಟ್ ಬರೆದಾಗ ಓದುಗರಿಗೆ ಕಾಣುವುದು ನಿಮ್ಮ ಭಾವಚಿತ್ರ, ಹೆಸರು ಮತ್ತು ಹೆಡ್‌ಲೈನ್‌ನ ಮೊದಲ ಕೆಲವು ಪದಗಳು ಮಾತ್ರ. ಹೆಡ್‌ಲೈನ್‌ಗೆ 220 ಅಕ್ಷರಗಳ ಅವಕಾಶವಿದ್ದರೂ ಕಮೆಂಟ್‌ನ ಮೇಲೆ, ಅದರಲ್ಲೂ ಮೊಬೈಲ್‌ನಲ್ಲಿ, ಅದು ಅರ್ಧಕ್ಕೂ ಮೊದಲೇ ತುಂಡಾಗುತ್ತದೆ. ನಾವಾಗಿ ಬದಲಿಸದಿದ್ದರೆ ಅಲ್ಲಿ ಹುದ್ದೆ ಮತ್ತು ಸಂಸ್ಥೆಯ ಹೆಸರು ತಾನಾಗಿಯೇ ಕೂತಿರುತ್ತದೆ. 'ಸೀನಿಯರ್ ಇಂಜಿನಿಯರ್' ಎಂಬ ಪದವನ್ನು ನೋಡಿ ಯಾರೂ ಹೆಸರಿನ ಮೇಲೆ ಒತ್ತುವುದಿಲ್ಲ. ನೀವು ಯಾವ ಬಗೆಯ ಕೆಲಸ ಬಲ್ಲಿರಿ ಎಂಬುದು ಮೊದಲ ಐದಾರು ಪದಗಳಲ್ಲಿ ತಿಳಿಯುವಂತಿದ್ದರೆ, ಕಮೆಂಟ್‌ನಲ್ಲಿ 'ನಾನು ಇಂಥವನು, ಇಷ್ಟು ವರ್ಷದ ಅನುಭವಿ' ಎಂದು ಹೇಳಿಕೊಳ್ಳುವ ಅಗತ್ಯವೇ ಬೀಳುವುದಿಲ್ಲ. ಹೇಳಿಕೊಳ್ಳಲು ಸಂಕೋಚವಾಗುವ ಮಾತನ್ನು ಹೆಡ್‌ಲೈನ್ ಹೇಳುತ್ತದೆ, ಕಮೆಂಟ್‌ನಲ್ಲಿ ವಿಷಯ ಮಾತ್ರ ಇರುತ್ತದೆ.

ಇನ್ನು ಕ್ರಮದ ಬಗ್ಗೆ. ವಾರದಲ್ಲಿ ಮೂರು ದಿನ, ಪ್ರತಿ ಬಾರಿ ಇಪ್ಪತ್ತು ನಿಮಿಷ, ಎರಡೇ ಎರಡು ಕಮೆಂಟ್. ಮುಖ್ಯ ಫೀಡ್ ಅನ್ನು ನಾನು ತೆರೆಯುವುದೇ ಇಲ್ಲ, ಏಕೆಂದರೆ ಅಲ್ಲಿ ಸಮಯವೂ ಹೋಗುತ್ತದೆ, ಧೈರ್ಯವೂ ಹೋಗುತ್ತದೆ. ಅದರ ಬದಲು ಹತ್ತು ಹನ್ನೆರಡು ಜನರ ಪಟ್ಟಿಯೊಂದನ್ನು ಇಟ್ಟುಕೊಂಡು, ಅವರ ಪ್ರೊಫೈಲ್‌ನಲ್ಲಿರುವ ಗಂಟೆಯ ಗುರುತನ್ನು ಒತ್ತಿಟ್ಟಿದ್ದೇನೆ. ಅವರು ಪೋಸ್ಟ್ ಹಾಕಿದಾಗ ಸೂಚನೆ ಬರುತ್ತದೆ. ಕೂತ ದಿನ ಆ ಸೂಚನೆಗಳಿಂದ ನೇರವಾಗಿ ಪೋಸ್ಟ್‌ಗೆ ಹೋಗುತ್ತೇನೆ, ಹೇಳಲು ಏನಾದರೂ ಇದ್ದರೆ ಬರೆಯುತ್ತೇನೆ, ಇಲ್ಲದಿದ್ದರೆ ಮುಚ್ಚುತ್ತೇನೆ.

ಪ್ರಶ್ನೆಚಿಹ್ನೆ

ಆ ಹನ್ನೆರಡು ಜನರನ್ನು ಆರಿಸುವುದು ಹೇಗೆ? ನಾನು ಲಕ್ಷಗಟ್ಟಲೆ ಹಿಂಬಾಲಕರಿರುವ ದೊಡ್ಡವರ ಪೋಸ್ಟ್‌ಗಳಿಗೇ ಕಮೆಂಟ್ ಬರೆಯುತ್ತಿದ್ದೆ. ಹೆಚ್ಚು ಜನ ಓದುವ ಕಡೆ ಬರೆದರೆ ಹೆಚ್ಚು ಜನ ನೋಡುತ್ತಾರೆ ಎಂಬುದು ಸಹಜ ಲೆಕ್ಕವಲ್ಲವೇ?

ಅಲ್ಪವಿರಾಮ

ಲೆಕ್ಕ ಸಹಜವಾಗಿದೆ, ಆದರೆ ಅಲ್ಲಿ ನಡೆಯುವುದೇ ಬೇರೆ. ನೂರಾರು ಕಮೆಂಟ್‌ಗಳಿರುವ ಪೋಸ್ಟ್‌ನಲ್ಲಿ ಓದುಗರಿಗೆ ಮೊದಲು ಕಾಣುವುದು ತಂತ್ರಾಂಶವು 'ಹೆಚ್ಚು ಪ್ರಸ್ತುತ' ಎಂದು ಮೇಲೆ ತಂದ ಕೆಲವೇ ಕಮೆಂಟ್‌ಗಳು. ಉಳಿದವುಗಳನ್ನು ನೋಡಲು ಪ್ರತ್ಯೇಕವಾಗಿ ಒತ್ತಬೇಕು, ಹಾಗೆ ಒತ್ತುವವರು ಕಡಿಮೆ.

ನಾನು ಆರಿಸುವಾಗ ನೋಡುವುದು ಎರಡು ಸಂಗತಿಗಳನ್ನು. ಮೊದಲನೆಯದಾಗಿ, ಆ ವ್ಯಕ್ತಿ ತನ್ನ ಪೋಸ್ಟ್‌ಗೆ ಬಂದ ಕಮೆಂಟ್‌ಗಳಿಗೆ ವಾಕ್ಯಗಳಲ್ಲಿ ಉತ್ತರಿಸುತ್ತಾರೆಯೇ ಎಂಬುದನ್ನು ಅವರ ಹಿಂದಿನ ನಾಲ್ಕೈದು ಪೋಸ್ಟ್‌ಗಳನ್ನು ತೆರೆದು ನೋಡುತ್ತೇನೆ. ಉತ್ತರಿಸದವರು ಎಷ್ಟೇ ದೊಡ್ಡವರಾದರೂ ಪಟ್ಟಿಗೆ ಸೇರುವುದಿಲ್ಲ. ಎರಡನೆಯದಾಗಿ, ಅಲ್ಲಿ ಕಮೆಂಟ್ ಬರೆಯುವ ಇತರರು ಯಾರು ಎಂದು ನೋಡುತ್ತೇನೆ. ನನ್ನ ಪ್ರೊಫೈಲ್ ನೋಡಬೇಕಾದವರು ಅವರೇ. ಸಾಮಾನ್ಯವಾಗಿ ಹತ್ತರಿಂದ ನಲವತ್ತು ಕಮೆಂಟ್ ಬರುವ ಪೋಸ್ಟ್‌ಗಳಲ್ಲಿ ಮಾತುಕತೆ ಸಾಧ್ಯವಾಗುತ್ತದೆ. ಅದಕ್ಕಿಂತ ದೊಡ್ಡ ಕಡೆ ಘೋಷಣೆಗಳು ಮಾತ್ರ ಕಾಣುತ್ತವೆ.

ಹಿಂಬದಿ ಬೆಂಚು

ಇಷ್ಟೆಲ್ಲ ಬರೆಯುವ ಶ್ರಮವೇ ಬೇಡ ಎನ್ನುವವರಿಗೆ ಸುಲಭದ ದಾರಿಯೊಂದಿದೆ. ನೀವೇ ದಿನಕ್ಕೆ ಇಪ್ಪತ್ತು ಪ್ರೊಫೈಲ್‌ಗಳನ್ನು ತೆರೆದು ನೋಡಿ. ನೀವು ನೋಡಿದ್ದು ಅವರಿಗೆ ತಿಳಿಯುತ್ತದೆ, ಕುತೂಹಲದಿಂದ ಅವರಲ್ಲಿ ಕೆಲವರು ತಿರುಗಿ ಬಂದು ನಿಮ್ಮದನ್ನು ನೋಡುತ್ತಾರೆ. ಒಂದಕ್ಷರ ಬರೆಯದೆ ಅಂಕಿ ಏರುತ್ತದೆ.

ನಿಷ್ಠುರ

ಅಂಕಿ ಏರುತ್ತದೆ, ಸರಿ. 'ಇವರು ಯಾರಪ್ಪಾ' ಎಂದು ಬಂದು ಎರಡು ಕ್ಷಣದಲ್ಲಿ ಹೋದವರಿಂದ ಆಗುವ ಪ್ರಯೋಜನವೇನು?

ಹಿಂಬದಿ ಬೆಂಚು

ಪ್ರಶ್ನೆಯ ಶೀರ್ಷಿಕೆಯಲ್ಲಿ ನೋಡುಗರು ಹೆಚ್ಚಬೇಕು ಎಂದಷ್ಟೇ ಇದೆ, ಸ್ವಾಮಿ.

ಕಡತಯಜ್ಞ

ನನ್ನ ಸಮಸ್ಯೆ ಸ್ವಲ್ಪ ಬೇರೆಯಾಗಿದೆ, ಇಲ್ಲಿಯೇ ಕೇಳಿಬಿಡುತ್ತೇನೆ. ನನ್ನ ಪ್ರೊಫೈಲ್ ಅನ್ನು ಯಾರು ನೋಡಿದರೆಂಬ ಪಟ್ಟಿಯೇ ನನಗೆ ಕಾಣುತ್ತಿಲ್ಲ. ಕಮೆಂಟ್ ಬರೆದು ನೋಡುಗರು ಹೆಚ್ಚಿದರೂ ಅದು ನನಗೆ ಗೊತ್ತಾಗುವುದು ಹೇಗೆ? ಹಣ ಕೊಟ್ಟವರಿಗೆ ಮಾತ್ರ ಆ ಸೌಲಭ್ಯವೇ?

ನೇಮಕಾತಿ ಮೇಜು

ಕಡತಯಜ್ಞ ಅವರೇ, ನೀವು ಬೇರೆಯವರ ಪ್ರೊಫೈಲ್ ನೋಡುವಾಗ ಹೆಸರು ಮರೆಮಾಡುವ ಆಯ್ಕೆಯನ್ನು ಇಟ್ಟುಕೊಂಡಿದ್ದೀರಿ ಎಂದು ನನ್ನ ಊಹೆ. ಸಂಕೋಚದವರು ಖಾತೆ ತೆರೆದ ದಿನವೇ ಮಾಡುವ ಮೊದಲ ಕೆಲಸ ಅದು. ಉಚಿತ ಖಾತೆಯಲ್ಲಿ ಆ ಆಯ್ಕೆಯಲ್ಲಿದ್ದರೆ, ನಿಮ್ಮನ್ನು ನೋಡಿದವರ ಹೆಸರುಗಳೂ ನಿಮಗೆ ಕಾಣುವುದಿಲ್ಲ. ಸೆಟ್ಟಿಂಗ್ಸ್‌ನಲ್ಲಿ ವಿಸಿಬಿಲಿಟಿ ವಿಭಾಗಕ್ಕೆ ಹೋಗಿ, ಹೆಸರು ಮತ್ತು ಹೆಡ್‌ಲೈನ್ ತೋರಿಸುವ ಆಯ್ಕೆಗೆ ಬದಲಿಸಿ. ಆಗಲೂ ಉಚಿತ ಖಾತೆಯಲ್ಲಿ ಇತ್ತೀಚಿನ ಕೆಲವೇ ಹೆಸರುಗಳು ಕಾಣುತ್ತವೆ, ಪೂರ್ತಿ ಪಟ್ಟಿ ಪ್ರೀಮಿಯಂ ಖಾತೆಗೆ ಮಾತ್ರ. ನಮ್ಮ ಉದ್ದೇಶಕ್ಕೆ ಆ ಕೆಲವು ಹೆಸರುಗಳೇ ಸಾಕು, ಆದರೆ ಕಮೆಂಟ್ ಬರೆದ ಮರುದಿನ ತಪ್ಪದೆ ನೋಡಬೇಕು.

ನಾನು ನೇಮಕಾತಿಯ ಕೆಲಸದಲ್ಲಿರುವುದರಿಂದ ಅಲ್ಪವಿರಾಮ ಅವರ ಹೆಡ್‌ಲೈನ್ ಮಾತಿಗೆ ಒಂದು ತಿದ್ದುಪಡಿ ಸೇರಿಸುತ್ತೇನೆ. ನಾವು ಅಭ್ಯರ್ಥಿಗಳನ್ನು ಹುಡುಕುವುದು ಹುದ್ದೆ ಮತ್ತು ಕೌಶಲದ ಪದಗಳಿಂದ. 'ಟೆಸ್ಟ್ ಆಟೊಮೇಷನ್' ಎಂದು ಹುಡುಕಿದಾಗ, 'ದೋಷಗಳ ಬೇಟೆಗಾರ' ಎಂಬ ಚಮತ್ಕಾರದ ಹೆಡ್‌ಲೈನ್ ನಮ್ಮ ಹುಡುಕಾಟಕ್ಕೆ ಸಿಗುವುದಿಲ್ಲ. ಹುದ್ದೆಯ ಸಾಮಾನ್ಯ ಹೆಸರು ಮೊದಲು ಬರಲಿ, ನಿಮ್ಮ ವಿಶೇಷ ಅದರ ಹಿಂದೆಯೇ ಬರಲಿ.

ಅಲ್ಪವಿರಾಮ

ಹುಡುಕಾಟದ ಮಟ್ಟಿಗೆ ಒಪ್ಪುತ್ತೇನೆ. ಆದರೆ ಕಮೆಂಟ್‌ನಿಂದ ಬರುವವರು ಹುಡುಕಿಕೊಂಡು ಬಂದವರಲ್ಲ, ಎದುರಿಗೆ ಕಂಡದ್ದರಿಂದ ಬಂದವರು. ಅವರಿಗೆ ವಿಶೇಷವೇ ಮುಖ್ಯ. ಹಾಗಾಗಿ 'ಪೇಮೆಂಟ್ ಆ್ಯಪ್‌ಗಳ ಟೆಸ್ಟ್ ಆಟೊಮೇಷನ್' ಎಂಬಂತೆ ಎರಡನ್ನೂ ಒಂದೇ ಉಸಿರಿಗೆ ತರಬಹುದು ಎಂದು ನನ್ನ ಅಭಿಪ್ರಾಯ.

ತೆರೆಮರೆ

ಹೆಡ್‌ಲೈನ್ ಬದಲಿಸಿಕೊಳ್ಳುತ್ತೇನೆ, ಅದು ನನ್ನಿಂದ ಆಗುವ ಕೆಲಸ. ಆದರೆ ಬದಲಿಸಿದ ಕೂಡಲೇ ಎಲ್ಲರಿಗೂ ಡಂಗುರ ಸಾರಿದಂತೆ ಸೂಚನೆ ಹೋಗುವುದಿಲ್ಲವೇ? ಇನ್ನೊಂದು ಮಾತು, ಎರಡೇ ಕಮೆಂಟ್ ಎಂದರೂ ಖಾಲಿ ಪೆಟ್ಟಿಗೆಯ ಮುಂದೆ ಕೂತಾಗ ನನಗೆ ಏನೂ ಹೊಳೆಯುವುದಿಲ್ಲ. ಒಂದು ಉದಾಹರಣೆ ಕೊಟ್ಟರೆ ಉಪಕಾರವಾಗುತ್ತದೆ.

ನೇಮಕಾತಿ ಮೇಜು

ಪ್ರೊಫೈಲ್ ಬದಲಾವಣೆಗಳನ್ನು ಸಂಪರ್ಕದವರಿಗೆ ತಿಳಿಸುವ ಆಯ್ಕೆಯೊಂದು ಅದೇ ವಿಸಿಬಿಲಿಟಿ ವಿಭಾಗದಲ್ಲಿದೆ. ಅದನ್ನು ಮೊದಲು ಆಫ್ ಮಾಡಿ, ಆಮೇಲೆ ಬದಲಾವಣೆ ಮಾಡಿಕೊಳ್ಳಿ.

ಅಲ್ಪವಿರಾಮ

ಉದಾಹರಣೆಯನ್ನು ನಿಮ್ಮ ಕ್ಷೇತ್ರದಿಂದಲೇ ಕಟ್ಟುತ್ತೇನೆ. ನಿಮ್ಮ ಪಟ್ಟಿಯಲ್ಲಿರುವ ಒಬ್ಬರು ಹೀಗೆ ಬರೆದಿದ್ದಾರೆ ಎಂದುಕೊಳ್ಳಿ: 'ರಾತ್ರಿ ಓಡುವ ಆಟೊಮೇಷನ್ ಟೆಸ್ಟ್‌ಗಳಲ್ಲಿ ದಿನವೂ ಕೆಲವು ಫೇಲ್ ಆಗುತ್ತವೆ, ಮತ್ತೆ ಓಡಿಸಿದರೆ ಪಾಸಾಗುತ್ತವೆ. ತಂಡದವರಿಗೆ ಈ ಟೆಸ್ಟ್‌ಗಳ ಮೇಲಿನ ನಂಬಿಕೆಯೇ ಹೋಗಿದೆ.'

ಇದಕ್ಕೆ 'ನೂರಕ್ಕೆ ನೂರು ಸತ್ಯ' ಎಂದು ಬರೆದರೆ ಅದು ಹಾಜರಿ ಹಾಕಿದಂತೆ. 'ನಾನು ಇದನ್ನು ಪರಿಹರಿಸಿ ಪ್ರಶಂಸೆ ಪಡೆದಿದ್ದೇನೆ' ಎಂದರೆ ನಿಮಗೆ ಬೇಡವಾದ ಸ್ವಪ್ರಚಾರ. ಇವೆರಡನ್ನೂ ಬಿಟ್ಟು ಹೀಗೆ ಬರೆಯಬಹುದು:

'ಕೋಡ್ ಬದಲಾಗದೆ ಒಮ್ಮೆ ಫೇಲ್, ಒಮ್ಮೆ ಪಾಸ್ ಆಗುವ ಟೆಸ್ಟ್‌ಗಳನ್ನು ನಾವು ಮೊದಲು ಬೇರೆ ಪಟ್ಟಿಗೆ ಸರಿಸಿದೆವು. ಅವುಗಳಲ್ಲಿ ಹೆಚ್ಚಿನವು ಪುಟ ತೆರೆಯಲೆಂದು ಇಷ್ಟೇ ಸೆಕೆಂಡು ಎಂದು ಕಾಯುತ್ತಿದ್ದವು. ಬೇಕಾದ ಗುಂಡಿ ಪರದೆಯ ಮೇಲೆ ಬರುವವರೆಗೆ ಕಾಯುವಂತೆ ಬದಲಿಸಿದಾಗ ಅವು ಸರಿಹೋದವು. ಆದರೆ ಒಂದೇ ಪರೀಕ್ಷಾ ಖಾತೆಯನ್ನು ಹಲವು ಟೆಸ್ಟ್‌ಗಳು ಏಕಕಾಲಕ್ಕೆ ಬಳಸುತ್ತಿದ್ದ ಕಡೆ ಇದರಿಂದ ಏನೂ ಪ್ರಯೋಜನವಾಗಲಿಲ್ಲ. ನಿಮ್ಮಲ್ಲಿ ಫೇಲ್ ಆಗುವವು ಒಂಟಿಯಾಗಿ ಓಡಿಸಿದಾಗಲೂ ಫೇಲ್ ಆಗುತ್ತವೆಯೇ?'

ಇದರಲ್ಲಿ ಹೊಗಳಿಕೆ ಎಲ್ಲಿಯೂ ಇಲ್ಲ. ಮಾಡಿದ್ದೇನು, ಎಲ್ಲಿ ಕೆಲಸ ಮಾಡಿತು, ಎಲ್ಲಿ ಮಾಡಲಿಲ್ಲ ಎಂಬುದಷ್ಟೇ ಇದೆ. ಕೆಲಸ ಮಾಡದ ಭಾಗವನ್ನು ಬರೆಯುವುದು ಬಹಳ ಮುಖ್ಯ, ಏಕೆಂದರೆ ಅದನ್ನು ಓದಿದ ಕೂಡಲೇ ಇದೇ ಪೇಚಿನಲ್ಲಿರುವವರಿಗೆ, ಬರೆದವರು ಕೈಯಾರೆ ಈ ಕೆಲಸ ಮಾಡಿದ್ದಾರೆ ಎಂದು ಗೊತ್ತಾಗುತ್ತದೆ. ಅವರು ನಿಮ್ಮ ಹೆಸರಿನ ಮೇಲೆ ಒತ್ತುವುದು ಆ ಕ್ಷಣದಲ್ಲಿ. ಕೊನೆಯ ಪ್ರಶ್ನೆ ನಿಜವಾದ ಪ್ರಶ್ನೆಯಾಗಿರಬೇಕು, ಅಂದರೆ ಅದರ ಉತ್ತರದಿಂದ ನಿಮ್ಮ ಮುಂದಿನ ಮಾತು ಬದಲಾಗಬೇಕು. ಇಲ್ಲಿ ಒಂಟಿಯಾಗಿಯೂ ಫೇಲ್ ಆಗುತ್ತದೆ ಎಂದರೆ ಕಾರಣ ಆ ಟೆಸ್ಟ್‌ನ ಒಳಗೇ ಇರಬಹುದು, ಒಟ್ಟಿಗೆ ಓಡಿದಾಗ ಮಾತ್ರ ಎಂದರೆ ಹಂಚಿಕೊಂಡ ಖಾತೆಯನ್ನೋ ಮಾಹಿತಿಯನ್ನೋ ಅನುಮಾನಿಸಬೇಕು. 'ನಿಮ್ಮ ಅಭಿಪ್ರಾಯವೇನು?' ಎಂದು ಸುಮ್ಮನೆ ಬಾಲಂಗೋಚಿ ಅಂಟಿಸಿದರೆ ಯಾರೂ ಉತ್ತರಿಸುವುದಿಲ್ಲ.

ದಿನಕ್ಕೊಂದು

ಕಮೆಂಟ್ ಚೆನ್ನಾಗಿದೆ ಎಂದು ಒಪ್ಪಿಕೊಳ್ಳುತ್ತೇನೆ. ಆದರೆ ಅದನ್ನು ಎರಡು ದಿನ ಬಿಟ್ಟು ಬರೆದರೆ ಯಾರು ಓದುತ್ತಾರೆ? ಪೋಸ್ಟ್ ಬಂದ ಕೂಡಲೇ ಹೋಗಿ ಬರೆಯುವವರೇ ಮೇಲೆ ಕಾಣುತ್ತಾರೆ.

ಅಲ್ಪವಿರಾಮ

ಅರ್ಧ ನಿಜ. ಬೇಗ ಬರೆದರೆ ಅನುಕೂಲ ಇದೆ, ಏಕೆಂದರೆ ಪೋಸ್ಟ್ ಇನ್ನೂ ಹೊಸ ಓದುಗರನ್ನು ತಲುಪುತ್ತಿರುತ್ತದೆ. ಆದರೆ ಲಿಂಕ್ಡ್‌ಇನ್‌ನಲ್ಲಿ ಪೋಸ್ಟ್‌ಗಳು ಒಂದು ಗಂಟೆಯಲ್ಲಿ ಸಾಯುವುದಿಲ್ಲ, ಎರಡು ಮೂರು ದಿನಗಳ ಹಿಂದಿನವು ಫೀಡ್‌ನಲ್ಲಿ ಕಾಣಿಸಿಕೊಳ್ಳುವುದನ್ನು ಎಲ್ಲರೂ ನೋಡಿರುತ್ತೇವೆ. ಓಡಿಹೋಗಿ ಬರೆದ ಸಪ್ಪೆ ಕಮೆಂಟ್‌ಗಿಂತ ಮರುದಿನ ಬರೆದ ಗಟ್ಟಿ ಕಮೆಂಟ್‌ಗೆ ಲೇಖಕರ ಉತ್ತರ ಬಂದದ್ದೇ ನನ್ನ ಅನುಭವದಲ್ಲಿ ಹೆಚ್ಚು. ಸಂಕೋಚದವರಿಗೆ ಇನ್ನೊಂದು ಅನುಕೂಲವೂ ಇದೆ: ರಾತ್ರಿ ಫೋನ್‌ನ ಟಿಪ್ಪಣಿಯಲ್ಲಿ ಬರೆದಿಟ್ಟು, ಬೆಳಿಗ್ಗೆ ಓದಿ, ಸರಿ ಎನಿಸಿದರೆ ಹಾಕಬಹುದು.

ಮುಂಗೋಪಿ

ನನ್ನ ಪ್ರಕರಣ ಕೇಳಿ. ಇಂಥದ್ದೇ ಉಪದೇಶ ನಂಬಿ ಕಮೆಂಟ್ ಬರೆಯಲು ಆರಂಭಿಸಿದೆ. ಕೆಲವು ವಾರಗಳ ನಂತರ ನನ್ನ ಮ್ಯಾನೇಜರ್ ಕರೆದು, 'ಇತ್ತೀಚೆಗೆ ಬಹಳ ಚುರುಕಾಗಿದ್ದೀರಿ, ಕೆಲಸ ಹುಡುಕುತ್ತಿದ್ದೀರಾ?' ಎಂದು ಕೇಳಿದರು. ನಾನು ಬರೆದದ್ದು ಅಪರಿಚಿತರ ಪೋಸ್ಟ್‌ನ ಕೆಳಗೆ, ಅದು ಅವರಿಗೆ ತಲುಪಿದ್ದು ಹೇಗೆ ಎಂಬುದೇ ನನಗೆ ಆಶ್ಚರ್ಯವಾಗಿತ್ತು. ಸಂಕೋಚದವರಿಗೆ ಇದಕ್ಕಿಂತ ಕೆಟ್ಟ ಅನುಭವ ಬೇಕೇ?

ನೇಮಕಾತಿ ಮೇಜು

ತಲುಪಿದ ದಾರಿ ಇದು: ನೀವು ಕಮೆಂಟ್ ಮಾಡಿದ ಪೋಸ್ಟ್, 'ಇಂಥವರು ಇದಕ್ಕೆ ಕಮೆಂಟ್ ಮಾಡಿದ್ದಾರೆ' ಎಂಬ ಸಾಲಿನೊಂದಿಗೆ ನಿಮ್ಮ ಸಂಪರ್ಕದವರ ಫೀಡ್‌ನಲ್ಲಿ ಕಾಣಿಸಬಹುದು. ನಿಮ್ಮ ಪ್ರೊಫೈಲ್‌ನ ಆ್ಯಕ್ಟಿವಿಟಿ ಭಾಗದಲ್ಲಿಯೂ ಕಮೆಂಟ್‌ಗಳು ಸಾಲಾಗಿ ಸಿಗುತ್ತವೆ. ಕಮೆಂಟ್‌ನಿಂದ ಹೊಸ ನೋಡುಗರು ಬರುವುದಕ್ಕೂ ಇದೇ ವ್ಯವಸ್ಥೆಯ ನೆರವು ಇದೆ, ಆದ್ದರಿಂದ ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ಬಿಡಲಾಗದು. ಮ್ಯಾನೇಜರ್ ಓದಿದರೂ ಪರವಾಗಿಲ್ಲ ಎನ್ನುವಂಥದ್ದನ್ನೇ ಬರೆಯುವುದು ಉಳಿದ ದಾರಿ. ಉದ್ಯೋಗಾವಕಾಶದ ಪೋಸ್ಟ್‌ಗಳ ಕೆಳಗೆ 'ಆಸಕ್ತಿ ಇದೆ' ಎಂದು ಬರೆಯಬೇಡಿ, ಅದನ್ನು ಖಾಸಗಿ ಸಂದೇಶದಲ್ಲಿ ಹೇಳಿ. ಕೆಲಸಕ್ಕೆ ಸಿದ್ಧ ಎಂದು ನೇಮಕಾತಿಯವರಿಗೆ ಮಾತ್ರ ಕಾಣುವಂತೆ ಇಡುವ ಆಯ್ಕೆಯೂ ಇದೆ. ಅದು ನಿಮ್ಮ ಸಂಸ್ಥೆಯ ನೇಮಕಾತಿಯವರಿಂದ ಮರೆಯಾಗಿರುವಂತೆ ಲಿಂಕ್ಡ್‌ಇನ್ ನೋಡಿಕೊಳ್ಳುತ್ತದೆ, ಆದರೆ ಪೂರ್ತಿ ಖಾತರಿ ಕೊಡುವುದಿಲ್ಲ.

ಅಲ್ಪವಿರಾಮ ಅವರ ಉದಾಹರಣೆಯಲ್ಲಿಯೂ ಒಂದು ಎಚ್ಚರಿಕೆ ಬೇಕು. 'ನಮ್ಮಲ್ಲಿ ದಿನವೂ ಟೆಸ್ಟ್ ಫೇಲ್ ಆಗುತ್ತಿದ್ದವು' ಎಂಬ ಮಾತಿನ ಪಕ್ಕದಲ್ಲಿಯೇ ಹೆಡ್‌ಲೈನ್‌ನಲ್ಲಿ ಸಂಸ್ಥೆಯ ಹೆಸರು ಇದ್ದರೆ, ಒಳಗಿನ ವಿಷಯವನ್ನು ಹೊರಗೆ ಹಾಕಿದಂತಾಗುತ್ತದೆ. 'ಹಿಂದೊಮ್ಮೆ ಕೆಲಸ ಮಾಡಿದ ತಂಡದಲ್ಲಿ' ಎಂದು ಬರೆಯುವುದು ಸುರಕ್ಷಿತ, ಅದು ನಿಜವಾಗಿದ್ದರೆ ಮಾತ್ರ.

ಮುಂಗೋಪಿ

ಹಾಗಾದರೆ ನನ್ನ ಮ್ಯಾನೇಜರನ್ನು ಸಂಪರ್ಕದಿಂದಲೇ ತೆಗೆದುಹಾಕುತ್ತೇನೆ.

ಹಿಂಬದಿ ಬೆಂಚು

ಆಗ ಅವರ ಅನುಮಾನ ಖಚಿತವಾಗುತ್ತದೆ.

ಪ್ರಶ್ನೆಚಿಹ್ನೆ

ಚರ್ಚೆ ಮತ್ತೆ ವಿಷಯಕ್ಕೆ ಬರಲಿ. ಕಮೆಂಟ್ ಮಾತ್ರ ಸಾಕೇ, ಪೋಸ್ಟ್ ಬೇಕೇ? ಬಂದವರು ಪ್ರೊಫೈಲ್‌ನಲ್ಲಿ ನೋಡುವುದಕ್ಕೆ ಏನೂ ಇಲ್ಲದಿದ್ದರೆ ಹಾಗೆಯೇ ಹಿಂದಿರುಗುವುದಿಲ್ಲವೇ?

ಅಲ್ಪವಿರಾಮ

ಪೋಸ್ಟ್ ಬೇಕು, ಆದರೆ ಎರಡು ವಾರಕ್ಕೊಂದು ಸಾಕು, ಮತ್ತು ಅದನ್ನು ಶೂನ್ಯದಿಂದ ಹುಟ್ಟಿಸಬೇಕಾಗಿಲ್ಲ. ಎರಡು ವಾರಗಳಲ್ಲಿ ಹತ್ತು ಹನ್ನೆರಡು ಕಮೆಂಟ್‌ಗಳು ಆಗಿರುತ್ತವೆ. ಅವುಗಳಲ್ಲಿ ಯಾವುದಕ್ಕೆ ಲೇಖಕರೋ ಇತರರೋ ಮರುಪ್ರಶ್ನೆ ಕೇಳಿದರೋ, ಅದೇ ಮುಂದಿನ ಪೋಸ್ಟ್. ಮರುಪ್ರಶ್ನೆ ಬಂದಿದೆ ಎಂದರೆ, ನೀವು ಹೇಳಿದ್ದು ಅರ್ಧಕ್ಕೆ ನಿಂತಿದೆ, ಉಳಿದರ್ಧ ಯಾರಿಗೋ ಬೇಕಾಗಿದೆ ಎಂದರ್ಥ. ಕೇಳಿದ್ದಕ್ಕೆ ಉತ್ತರ ಕೊಡುತ್ತಿರುವಾಗ ಸ್ವಪ್ರಚಾರದ ಭಾವನೆ ಬರುವುದಿಲ್ಲ. ನನ್ನಂಥವರಿಗೆ ಈ ಒಂದು ಸಂಗತಿಯೇ ಬಾಗಿಲು ತೆರೆಯಿತು.

ಮೇಲಿನ ಉದಾಹರಣೆಯನ್ನೇ ಮುಂದುವರಿಸೋಣ. ಲೇಖಕರು, 'ಒಟ್ಟಿಗೆ ಓಡಿದಾಗ ಮಾತ್ರ ಫೇಲ್ ಆಗುತ್ತವೆ, ಪ್ರತಿ ಟೆಸ್ಟ್‌ಗೂ ಬೇರೆ ಖಾತೆ ಮಾಡುವುದು ದುಬಾರಿಯಲ್ಲವೇ?' ಎಂದು ಕೇಳಿದರು ಎನ್ನಿ. ನೀವು ಅಲ್ಲಿಯೇ ಎರಡು ಸಾಲಿನ ಉತ್ತರ ಕೊಡಿ. ನಂತರ ನಿಮ್ಮ ಪೋಸ್ಟ್ ಅನ್ನು ಹೀಗೆ ಆರಂಭಿಸಿ: 'ಪ್ರತಿ ಟೆಸ್ಟ್‌ಗೂ ಬೇರೆ ಖಾತೆ ಮಾಡುವುದು ದುಬಾರಿಯಲ್ಲವೇ ಎಂದು ಒಬ್ಬರು ಕೇಳಿದರು. ನಿಜ, ಎಲ್ಲದಕ್ಕೂ ಮಾಡಿದರೆ ದುಬಾರಿಯೇ.' ಮುಂದೆ ಯಾವ ಟೆಸ್ಟ್‌ಗಳಿಗೆ ಮಾತ್ರ ಬೇರೆ ಖಾತೆ ಬೇಕು, ಅಂದರೆ ಖಾತೆಯ ಬಾಕಿ ಮೊತ್ತವನ್ನೋ ಸ್ಥಿತಿಯನ್ನೋ ಬದಲಿಸುವವಕ್ಕೆ ಬೇಕು, ಓದಿಕೊಂಡು ಹೋಗುವವಕ್ಕೆ ಬೇಡ ಎಂಬುದನ್ನು ಬಿಡಿಸಿ ಹೇಳಿ ನಿಲ್ಲಿಸಿ. ಪೋಸ್ಟ್‌ಗೆ 3000 ಅಕ್ಷರಗಳ ಅವಕಾಶವಿದೆ, ಇಷ್ಟು ವಿಷಯಕ್ಕೆ ಅದರ ಮೂರನೇ ಒಂದು ಭಾಗವೂ ಬೇಡ. ಫೀಡ್‌ನಲ್ಲಿ ಮೊದಲ ಎರಡು ಮೂರು ಸಾಲು ಮಾತ್ರ ಕಂಡು ಉಳಿದದ್ದು ಮಡಚಿಕೊಂಡಿರುವುದರಿಂದ, ಆ ಪ್ರಶ್ನೆ ಮೊದಲ ಸಾಲಿನಲ್ಲಿಯೇ ಇರಬೇಕು. ಪೀಠಿಕೆ ಬರೆದಿರೋ, ಪ್ರಶ್ನೆ ಮಡಿಕೆಯೊಳಗೆ ಉಳಿದುಬಿಡುತ್ತದೆ.

ಕಡತಯಜ್ಞ

ಪ್ರಶ್ನೆ ಕೇಳಿದವರ ಹೆಸರನ್ನು ಪೋಸ್ಟ್‌ನಲ್ಲಿ ಟ್ಯಾಗ್ ಮಾಡಬೇಕೇ?

ದಿನಕ್ಕೊಂದು

ಖಂಡಿತ ಮಾಡಬೇಕು. ಅವರಿಗೆ ಸೂಚನೆ ಹೋಗುತ್ತದೆ, ಅವರು ಬಂದು ಕಮೆಂಟ್ ಮಾಡುತ್ತಾರೆ, ಅವರ ಬಳಗವೂ ನೋಡುತ್ತದೆ.

ನಿಷ್ಠುರ

ನನ್ನನ್ನು ಕೇಳದೆ ಟ್ಯಾಗ್ ಮಾಡಿದವರ ಪೋಸ್ಟ್‌ಗಳಿಂದ ನಾನು ನನ್ನ ಹೆಸರನ್ನು ತೆಗೆಸಿಕೊಳ್ಳುತ್ತೇನೆ. ಅದರಲ್ಲೂ 'ನಮ್ಮಲ್ಲಿ ಟೆಸ್ಟ್‌ಗಳು ಫೇಲ್ ಆಗುತ್ತಿವೆ' ಎಂದು ಹೇಳಿಕೊಂಡವರನ್ನು ಇನ್ನೊಂದು ಕಡೆ ಎಳೆದು ತರುವುದು ಸಭ್ಯತೆಯಲ್ಲ.

ಅಲ್ಪವಿರಾಮ

ನಾನು ಟ್ಯಾಗ್ ಮಾಡುವುದಿಲ್ಲ, ಆದರೆ ಮಾಡಿದವರು ಕೃತಜ್ಞತೆ ಪಡೆದದ್ದನ್ನೂ ನೋಡಿದ್ದೇನೆ. ಅದು ಅವರವರ ನಡುವಿನ ಸಲಿಗೆಗೆ ಬಿಟ್ಟದ್ದು.

ತೆರೆಮರೆ

ಪೋಸ್ಟ್ ಬರೆಯುವವರೆಗೆ ಧೈರ್ಯ ಬರುತ್ತಿದೆ. ಹಾಕಿದ ಮೇಲಿನ ಹೊತ್ತೇ ನನಗೆ ಕಷ್ಟ. ಪ್ರತಿ ಐದು ನಿಮಿಷಕ್ಕೊಮ್ಮೆ ತೆರೆದು ನೋಡುತ್ತೇನೆ, ಯಾರೂ ಬಾರದಿದ್ದರೆ ಅವಮಾನವೆನಿಸುತ್ತದೆ, ಬಂದರೆ ಎದೆ ಹೊಡೆದುಕೊಳ್ಳುತ್ತದೆ. ಸಮಯ ನಿಗದಿ ಮಾಡಿಟ್ಟು, ಅದು ತಾನಾಗಿ ಪ್ರಕಟವಾಗುವಾಗ ಬೇರೆ ಕೆಲಸದಲ್ಲಿರಬಹುದೇ?

ಪ್ರಶ್ನೆಚಿಹ್ನೆ

ಇರಬಹುದು. ಬರೆಯುವ ಪೆಟ್ಟಿಗೆಯಲ್ಲಿಯೇ ಗಡಿಯಾರದ ಗುರುತಿದೆ, ಮುಂದಿನ ಮೂರು ತಿಂಗಳೊಳಗಿನ ಯಾವುದಾದರೂ ಹೊತ್ತನ್ನು ಕೊಡಬಹುದು. ನಾನು ಹಾಗೆಯೇ ಮಾಡಿ, ಆ ದಿನ ಸೂಚನೆಗಳನ್ನು ಮುಚ್ಚಿಟ್ಟು, ಮರುದಿನ ನೋಡುತ್ತೇನೆ.

ನಿಷ್ಠುರ

ಇದನ್ನು ಒಪ್ಪಲಾರೆ. ಮನೆಗೆ ಕರೆದು ಬೀಗ ಹಾಕಿಕೊಂಡು ಹೋಗುವುದು ಯಾವ ಮರ್ಯಾದೆ? ಕಮೆಂಟ್ ಬರೆದವರಿಗೆ ಅಂದೇ ಉತ್ತರ ಸಿಗದಿದ್ದರೆ ಅವರು ಮುಂದಿನ ಬಾರಿ ಬರುವುದಿಲ್ಲ.

ಅಲ್ಪವಿರಾಮ

ಇಬ್ಬರ ನಡುವೆ ಒಂದು ದಾರಿ ಇದೆ. ನಾನು ಪೋಸ್ಟ್ ಪ್ರಕಟವಾಗುವ ಹೊತ್ತನ್ನು ಬೆಳಿಗ್ಗೆಗೆ ನಿಗದಿ ಮಾಡಿ, ಅಂದು ಎರಡೇ ಬಾರಿ, ಮಧ್ಯಾಹ್ನ ಮತ್ತು ಸಂಜೆ, ತೆರೆದು ಬಂದವರಿಗೆಲ್ಲ ಉತ್ತರಿಸುತ್ತೇನೆ. ನಡುವೆ ಫೋನ್‌ನ ಸೂಚನೆ ಮುಚ್ಚಿರುತ್ತದೆ. ಅರ್ಧ ದಿನದೊಳಗೆ ಉತ್ತರ ಬಂದರೆ ಯಾರೂ ಬೇಸರಿಸುವುದಿಲ್ಲ. ಮೊದಲ ಕೆಲವು ಪೋಸ್ಟ್‌ಗಳಿಗೆ ಸಂಪರ್ಕದಲ್ಲಿರುವವರು ಮಾತ್ರ ಕಮೆಂಟ್ ಮಾಡಬಹುದು ಎಂಬ ಆಯ್ಕೆಯನ್ನು ಇಟ್ಟುಕೊಳ್ಳಬಹುದು. ಅಪರಿಚಿತರ ಕುಹಕದ ಭಯ ಅದರಿಂದ ಕಡಿಮೆಯಾಗುತ್ತದೆ, ಜೊತೆಗೆ ಹೊಸಬರ ಮಾತೂ ನಿಲ್ಲುತ್ತದೆ. ಆದ್ದರಿಂದ ಅದನ್ನೇ ಕಾಯಂ ಮಾಡಬೇಡಿ.

ಕಡತಯಜ್ಞ

ಹೆಸರು ತೋರಿಸುವ ಆಯ್ಕೆಗೆ ಬದಲಿಸಿದೆ, ಪಟ್ಟಿ ಕಾಣುತ್ತಿದೆ, ನೇಮಕಾತಿ ಮೇಜು ಅವರಿಗೆ ಧನ್ಯವಾದಗಳು. ಆದರೆ ಈಗ ಬೇರೆ ಗೊಂದಲ ಆರಂಭವಾಗಿದೆ. ಕಳೆದ ವಾರ ಎರಡು ಒಳ್ಳೆಯ ಕಮೆಂಟ್ ಬರೆದಿದ್ದೆ, ಹೊಸ ಹೆಸರುಗಳೂ ಕಂಡವು, ಹಾಗಿದ್ದರೂ ಪ್ರೊಫೈಲ್ ವೀಕ್ಷಣೆಯ ಒಟ್ಟು ಸಂಖ್ಯೆ ಹಿಂದಿನ ವಾರಕ್ಕಿಂತ ಕಡಿಮೆಯಾಗಿದೆ! ಇದು ಯಾವ ನ್ಯಾಯ?

ಅಲ್ಪವಿರಾಮ

ಅಲ್ಲಿ ಕಾಣುವ ಸಂಖ್ಯೆ ಈ ವಾರದ್ದಲ್ಲ, ಕಳೆದ 90 ದಿನಗಳದ್ದು. ಪ್ರತಿದಿನ ಹೊಸ ದಿನವೊಂದು ಸೇರಿಕೊಂಡಂತೆ, ಹಿಂದಿನ ತುದಿಯ ದಿನವೊಂದು ಕಳಚಿಕೊಳ್ಳುತ್ತದೆ. ಮೂರು ತಿಂಗಳ ಹಿಂದೆ ನೀವು ಕೆಲಸ ಬದಲಿಸಿ ಎಲ್ಲರೂ ಬಂದು ನೋಡಿದ ವಾರವೊಂದು ಇದ್ದಿದ್ದರೆ, ಆ ವಾರ ಲೆಕ್ಕದಿಂದ ಹೊರಬೀಳುವಾಗ, ಈ ವಾರ ಎಷ್ಟೇ ಚೆನ್ನಾಗಿದ್ದರೂ ಒಟ್ಟು ಸಂಖ್ಯೆ ಇಳಿಯುತ್ತದೆ. ಆದ್ದರಿಂದ ಆ ಒಂದು ಸಂಖ್ಯೆಯನ್ನು ದಿನವೂ ನೋಡಿ ಕುಗ್ಗುವುದರಲ್ಲಿ ಅರ್ಥವಿಲ್ಲ.

ನಾನು ನೋಡುವುದು ಹೆಸರುಗಳ ಪಕ್ಕದಲ್ಲಿರುವ ಹುದ್ದೆಗಳನ್ನು. ಬಂದವರು ನಿಮ್ಮ ಕ್ಷೇತ್ರದವರಾಗಿದ್ದರೆ ಪಟ್ಟಿ ಸರಿಯಾಗಿದೆ ಎಂದರ್ಥ. ವಿಮೆ, ತರಬೇತಿ ಇತ್ಯಾದಿ ಮಾರುವವರೇ ಬರುತ್ತಿದ್ದರೆ ನೀವು ಬರೆಯುತ್ತಿರುವ ಜಾಗ ತಪ್ಪು, ಪಟ್ಟಿಯಲ್ಲಿ ಕೆಲವರನ್ನು ಬದಲಿಸಬೇಕು. ಇನ್ನೊಂದು ಗುರುತು ಎಂದರೆ, ನಿಮ್ಮ ಕಮೆಂಟ್ ಎಷ್ಟು ಬಾರಿ ಜನರ ಪರದೆಯ ಮೇಲೆ ಬಂದಿತೆಂಬ ಸಂಖ್ಯೆ ಅದರ ಕೆಳಗೆ ನಿಮಗೆ ಕಾಣುತ್ತದೆ. ಆ ಸಂಖ್ಯೆ ದೊಡ್ಡದಿದ್ದು ಪ್ರೊಫೈಲ್‌ಗೆ ಯಾರೂ ಬಾರದಿದ್ದರೆ, ಕಮೆಂಟ್ ಓದಿದವರಿಗೆ ಹೆಸರಿನ ಮೇಲೆ ಒತ್ತಲು ಕಾರಣ ಸಿಕ್ಕಿಲ್ಲ. ಮೊದಲು ಹೆಡ್‌ಲೈನ್ ಅನ್ನು ನೋಡಿ, ಆಮೇಲೆ ಕಮೆಂಟ್‌ನಲ್ಲಿ ನಿಮ್ಮದೇ ಆದ ವಿವರ ಒಂದಾದರೂ ಇದೆಯೇ ಎಂದು ನೋಡಿ. ಸಂಖ್ಯೆಯೇ ಚಿಕ್ಕದಿದ್ದರೆ ಆ ಪೋಸ್ಟ್ ಹೆಚ್ಚು ಜನರನ್ನು ತಲುಪಲಿಲ್ಲ ಅಥವಾ ನಿಮ್ಮ ಕಮೆಂಟ್ ಕೆಳಗೆ ಉಳಿಯಿತು, ಅಷ್ಟೇ.

ಹಿಂಬದಿ ಬೆಂಚು

ಎಲ್ಲ ಸರಿ, ಎಷ್ಟು ದಿನ ಮಾಡಿ ನೋಡಬೇಕು? ನನಗೆ ಎರಡು ವಾರಕ್ಕೇ ಸಾಕಾಗುತ್ತದೆ.

ಅಲ್ಪವಿರಾಮ

ಎರಡು ವಾರದಲ್ಲಿ ಪಟ್ಟಿಯ ಪ್ರತಿಯೊಬ್ಬರ ಕೆಳಗೆ ಒಂದು ಬಾರಿ ಬರೆದಿರುತ್ತೀರಿ, ಅಷ್ಟರಲ್ಲಿ ಯಾರಿಗೂ ನಿಮ್ಮ ಹೆಸರು ನೆನಪಿರುವುದಿಲ್ಲ. ಅದೇ ಹೆಸರು ಮೂರು ನಾಲ್ಕು ಬಾರಿ ಕಂಡ ಮೇಲೆ ಜನ ಬಂದು ನೋಡುತ್ತಾರೆ. ನನ್ನ ಮಟ್ಟಿಗೆ ಒಂದು ತ್ರೈಮಾಸಿಕ ನ್ಯಾಯವಾದ ಅವಧಿ.

ದಿನಕ್ಕೊಂದು

ಮೂರು ತಿಂಗಳಲ್ಲಿ ಆರು ಪೋಸ್ಟ್! ನಾನು ಒಂದು ವಾರದಲ್ಲಿ ಅದಕ್ಕಿಂತ ಹೆಚ್ಚು ಬರೆಯುತ್ತೇನೆ, ನನ್ನ ನೋಡುಗರ ಸಂಖ್ಯೆ ನಿಮ್ಮೆಲ್ಲರಿಗಿಂತ ಹೆಚ್ಚೇ ಇರುತ್ತದೆ ಎಂದು ಪಂಥ ಕಟ್ಟುತ್ತೇನೆ.

ನಿಷ್ಠುರ

ಇರಬಹುದು. ನೀವು ಸಂಕೋಚದವರಲ್ಲ, ಆದ್ದರಿಂದ ಪಂಥಕ್ಕೆ ಎದುರಾಳಿ ಸಿಗುವುದಿಲ್ಲ.

ತೆರೆಮರೆ

ಹೆಡ್‌ಲೈನ್ ಬದಲಿಸಿದ್ದೇನೆ, ಸೂಚನೆ ಹೋಗದಂತೆ ಮೊದಲು ಆರಿಸಿಕೊಂಡೆ. ಪಟ್ಟಿಗೆ ಈಗ ಏಳು ಜನ ಸಿಕ್ಕಿದ್ದಾರೆ, ಉತ್ತರಿಸುವ ಅಭ್ಯಾಸವಿಲ್ಲದ ಇಬ್ಬರು ಪ್ರಸಿದ್ಧರನ್ನು ಕೈಬಿಟ್ಟೆ. ಕೊನೆಯದಾಗಿ ಒಂದು ಸಣ್ಣ ಅನುಮಾನ: ಕಮೆಂಟ್ ಹಾಕಿದ ಮೇಲೆ ಅದರಲ್ಲಿ ತಪ್ಪು ಕಂಡರೆ ಅಳಿಸಿ ಹೊಸದಾಗಿ ಹಾಕಬೇಕೇ?

ನೇಮಕಾತಿ ಮೇಜು

ಅಳಿಸಬೇಡಿ, ಕಮೆಂಟ್‌ನ ಮೂರು ಚುಕ್ಕಿಯನ್ನು ಒತ್ತಿದರೆ ತಿದ್ದುವ ಆಯ್ಕೆ ಸಿಗುತ್ತದೆ. ತಿದ್ದಲಾಗಿದೆ ಎಂಬ ಗುರುತು ಪಕ್ಕದಲ್ಲಿ ಕಾಣುತ್ತದೆ, ಅದರಿಂದ ಏನೂ ಕೆಡುವುದಿಲ್ಲ. ಆದರೆ ಯಾರಾದರೂ ಉತ್ತರಿಸಿದ ನಂತರ ಮಾತಿನ ಅರ್ಥವನ್ನೇ ಬದಲಿಸುವಂತೆ ತಿದ್ದಬೇಡಿ, ಅವರ ಉತ್ತರ ಅಸಂಬದ್ಧವಾಗಿ ಕಾಣುತ್ತದೆ. ಅಂಥ ಸಂದರ್ಭದಲ್ಲಿ ಕೆಳಗೆ ಇನ್ನೊಂದು ಸಾಲು ಸೇರಿಸಿ.

ಮುಂಗೋಪಿ

ಮ್ಯಾನೇಜರ್ ಇವತ್ತು ನನ್ನ ಕಮೆಂಟ್‌ಗೆ ಲೈಕ್ ಒತ್ತಿದ್ದಾರೆ. ಇದನ್ನು ಹೇಗೆ ಅರ್ಥ ಮಾಡಿಕೊಳ್ಳಬೇಕೆಂದು ತಿಳಿದವರು ಹೇಳಿ.